ಕೈ ಓಡುತ್ತೆ, ಟೈಮ್ ಇಳಿಯಲ್ಲ: ಕ್ರಾಸ್ ಮುಗಿದ ಕೂಡಲೇ ನಿಂತುಬಿಡೋದಕ್ಕೆ ಏನು ಮಾಡ್ತೀರಿ?

ಇಪ್ಪತ್ತೈದರ ಗೋಡೆ

ಎಲ್ಲರಿಗೂ ನಮಸ್ಕಾರ. ನಾನು ರೂಬಿಕ್ಸ್ ಕ್ಯೂಬನ್ನು ಸಿಎಫ್‌ಒಪಿ ವಿಧಾನದಲ್ಲಿ ಸಾಲ್ವ್ ಮಾಡುತ್ತೇನೆ. ಪಿಎಲ್‌ಎಲ್ 21ಕ್ಕೆ 21 ಬರುತ್ತದೆ. ಓಎಲ್‌ಎಲ್ ಮಾತ್ರ ಇನ್ನೂ ಎರಡು ಹಂತದಲ್ಲೇ ಇದೆ. ಆವರೇಜ್ 25 ಸೆಕೆಂಡ್ ಹತ್ತಿರ ಬಂದು ಅಲ್ಲೇ ಕೂತಿದೆ, ಅಲ್ಲಾಡ್ತಾ ಇಲ್ಲ.

ಕೈ ವೇಗ ಕಮ್ಮಿ ಅಂತ ಅನ್ನಿಸಲ್ಲ. ಟಿ ಪರ್ಮ್ ಒಂದೂವರೆ ಸೆಕೆಂಡ್ ಒಳಗೆ ಮುಗಿಯುತ್ತದೆ. ಆದರೆ ಕ್ರಾಸ್ ಮುಗೀತಿದ್ದ ಹಾಗೆ ಎಲ್ಲ ಖಾಲಿ. ಕ್ಯೂಬನ್ನು ಆ ಕಡೆ ಈ ಕಡೆ ತಿರುಗಿಸಿ ನೋಡುತ್ತೇನೆ, ಮೊದಲ ಕಾರ್ನರ್-ಎಡ್ಜ್ ಪೇರ್ ಎಲ್ಲಿದೆ ಅಂತ ಹುಡುಕುತ್ತೇನೆ. ಪ್ರತಿ ಪೇರ್ ಆದ ಮೇಲೂ ಇದೇ ಕಥೆ. ಎಲ್ಲರೂ "ಲುಕ್‌ಅಹೆಡ್ ಮಾಡು" ಅಂತಾರೆ. ಮುಂದಿನದ್ದನ್ನ ನೋಡು ಅಂದ್ರೆ ಸರಿ, ಆದರೆ ಏನನ್ನ ನೋಡಬೇಕು? ಯಾವಾಗ ನೋಡಬೇಕು? ಅದನ್ನ ಯಾರೂ ಹೇಳಲ್ಲ.

---

ಡಿಎನ್‌ಎಫ್ ದೊರೆ

ಮೊದಲು ಪೂರ್ತಿ ಓಎಲ್‌ಎಲ್ ಕಲಿ ಗುರು. 57 ಅಲ್ಗಾರಿದಮ್ ಅಷ್ಟೇ. ಎರಡು ಹಂತದಲ್ಲಿ ಮಾಡ್ತಾ ಇದ್ರೆ 20ರ ಕೆಳಗೆ ಹೋಗೋದು ಕನಸು.

---

ಮ್ಯಾಗ್ನೆಟ್ ಮಂಜ

ಯಾವ ಕ್ಯೂಬ್ ಇಟ್ಕೊಂಡಿದೀರಿ? ಮ್ಯಾಗ್ನೆಟ್ ಇದೆಯಾ? ಟೆನ್ಷನ್ ಎಷ್ಟಿದೆ? ಲೂಬ್ ಹಾಕಿ ಎಷ್ಟು ದಿನ ಆಯ್ತು?

---

ಇಪ್ಪತ್ತೈದರ ಗೋಡೆ

ಮಂಜಣ್ಣ, ಕ್ಯೂಬ್ ಚೆನ್ನಾಗೇ ಇದೆ. ಮ್ಯಾಗ್ನೆಟ್ ಇದೆ. ನಿಂತಿರೋದು ಕ್ಯೂಬ್ ಅಲ್ಲ, ನಾನು.

---

ಹಳೇ ಕ್ಯೂಬರ್

ಯಾರು ಏನು ಹೇಳಿದರೂ ಕೇಳೋ ಮೊದಲು ಒಂದು ಕೆಲಸ ಮಾಡಿ. ಫೋನ್ ಎದುರಿಗೆ ಇಟ್ಟು ಒಂದಿಷ್ಟು ಸಾಲ್ವ್ ರೆಕಾರ್ಡ್ ಮಾಡಿ. ನಿಮ್ಮ ಆವರೇಜ್‌ಗೆ ಹತ್ತಿರ ಇರೋ ಒಂದನ್ನ ಆರಿಸಿ, ನಿಧಾನಕ್ಕೆ ಓಡಿಸಿ ನೋಡಿ. ಅತಿ ಒಳ್ಳೇದೂ ಬೇಡ, ಅತಿ ಕೆಟ್ಟದ್ದೂ ಬೇಡ. ಕ್ರಾಸ್‌ಗೆ ಎಷ್ಟು ಸೆಕೆಂಡ್, ಎಷ್ಟು ಮೂವ್? ಕ್ರಾಸ್‌ನ ಕೊನೇ ಮೂವ್‌ನಿಂದ ಮೊದಲ ಪೇರ್‌ನ ಮೊದಲ ಮೂವ್‌ವರೆಗೆ ಎಷ್ಟು ಹೊತ್ತು? ನಾಲ್ಕೂ ಪೇರ್ ಸೇರಿ ಎಫ್‌ಟುಎಲ್ ಒಟ್ಟು ಎಷ್ಟು? ಬರೆದು ಇಲ್ಲಿ ಹಾಕಿ. ಆಮೇಲೆ ಮಾತಾಡೋಣ.

ಇನ್ನೊಂದು ವಿಷಯ ಗಮನಿಸಿ. ನಿಂತಾಗ ಕೈಯಲ್ಲಿ ಕ್ಯೂಬ್ ಅಲ್ಲಾಡುತ್ತಾ, ಇಲ್ಲವಾ? ಓರೆ ಮಾಡಿ, ತಿರುಗಿಸಿ ನೋಡ್ತಾ ಇದ್ದರೆ ಪೀಸ್ ಸಿಗದೆ ಹುಡುಕ್ತಾ ಇದೀರಿ ಅಂತ. ಕ್ಯೂಬ್ ಅಲ್ಲಾಡದೆ ಹಾಗೇ ಹಿಡಿದು ನಿಂತಿದ್ದರೆ ಪೀಸ್ ಸಿಕ್ಕಿದೆ, ಅದನ್ನ ಹೇಗೆ ಹಾಕೋದು ಅಂತ ಯೋಚಿಸ್ತಾ ಇದೀರಿ. ಹೊರಗಿಂದ ಎರಡೂ ಒಂದೇ ಥರ ಕಾಣುತ್ತೆ. ಮದ್ದು ಮಾತ್ರ ಬೇರೆ ಬೇರೆ.

---

ನಿಧಾನ ನರಸಿಂಹ

+1. ನಾನು ಇದನ್ನ ಮಾಡಿದ್ದಾಗ ನನ್ನ ಮುಖ ನೋಡಿ ನನಗೇ ನಗು ಬಂತು. ಪೇರ್ ಹುಡುಕುವಾಗ ಬಾಯಿ ತೆರೆದೇ ಇರುತ್ತೆ.

---

ಇಪ್ಪತ್ತೈದರ ಗೋಡೆ

ಮಾಡಿದೆ. 25.2 ಬಂದಿದ್ದ ಒಂದು ಸಾಲ್ವ್ ತಗೊಂಡೆ.

ಕ್ರಾಸ್ 3.2 ಸೆಕೆಂಡ್, 9 ಮೂವ್. ಆಮೇಲೆ 1.9 ಸೆಕೆಂಡ್ ಸುಮ್ನೆ. ಎಫ್‌ಟುಎಲ್ 12.1 ಸೆಕೆಂಡ್, 34 ಮೂವ್. ಓಎಲ್‌ಎಲ್ ಎರಡೂ ಹಂತ ಸೇರಿ 4.6. ಪಿಎಲ್‌ಎಲ್ 3.4.

ಕೈ ಓಡ್ತಾ ಇರೋವಾಗ ಸೆಕೆಂಡಿಗೆ ಸುಮಾರು 5 ಮೂವ್ ಬರ್ತಿದೆ. ನಿಂತಾಗ ಹೆಚ್ಚು ಸಲ ಕ್ಯೂಬ್ ಅಲ್ಲಾಡ್ತಾ ಇದೆ. ಒಮ್ಮೆಯಂತೂ ಪೂರ್ತಿ ಒಂದು ಸುತ್ತು ತಿರುಗಿಸಿ ನೋಡಿದೀನಿ.

---

ಹಳೇ ಕ್ಯೂಬರ್

ಈಗ ಲೆಕ್ಕ ನೋಡಿ. 34 ಮೂವ್‌ಗೆ ಸೆಕೆಂಡಿಗೆ 5ರ ಹಾಗೆ 6.8 ಸೆಕೆಂಡ್ ಸಾಕು. ನೀವು ತಗೊಂಡಿದ್ದು 12.1. ಅಂದ್ರೆ ಎಫ್‌ಟುಎಲ್ ಒಳಗೇ 5 ಸೆಕೆಂಡ್‌ಗೂ ಜಾಸ್ತಿ ಕೈ ಖಾಲಿ ಇದೆ. ಅದಕ್ಕೆ ಕ್ರಾಸ್ ಆದ ಮೇಲಿನ 1.9 ಸೇರಿಸಿ. 7 ಸೆಕೆಂಡ್ ದಾಟಿತು. ಕೈ ವೇಗ ಹೀಗೇ ಇದ್ದು ನಿಲ್ಲೋದು ಅರ್ಧ ಆದರೂ 21, 22ಕ್ಕೆ ಬರ್ತೀರಿ.

ದೊರೆ ಹೇಳಿದ ಹಾಗೆ ಓಎಲ್‌ಎಲ್ ಪೂರ್ತಿ ಕಲಿತರೆ ಒಂದು, ಒಂದೂವರೆ ಸೆಕೆಂಡ್ ಸಿಗಬಹುದು. ಕಲಿಯಿರಿ, ಬೇಡ ಅನ್ನಲ್ಲ. ಆದರೆ ದುಡ್ಡು ಸೋರ್ತಾ ಇರೋ ತೂತು ಅದಲ್ಲ.

---

ಡಿಎನ್‌ಎಫ್ ದೊರೆ

ಒಂದೂವರೆ ಸೆಕೆಂಡ್ ಕಮ್ಮಿನಾ ಸ್ವಾಮಿ? ಅದು ಗ್ಯಾರಂಟಿ ಸಿಗೋದು. ಬಾಯಿಪಾಠ ಮಾಡಿದ್ರೆ ಆಯ್ತು. ನಿಮ್ಮ ಲುಕ್‌ಅಹೆಡ್ ಬರುತ್ತೋ ಬರಲ್ವೋ ಯಾರಿಗೆ ಗೊತ್ತು.

---

ಬಿಳಿ ಕೆಳಗೆ

ದೊರೆ ಮಾತಲ್ಲೂ ಹುರುಳಿದೆ. ಆದರೆ ನನ್ನ ಕಣ್ಣಿಗೆ ಮೊದಲು ಬಿದ್ದಿದ್ದು ಕ್ರಾಸ್‌ಗೆ 9 ಮೂವ್ ಅನ್ನೋದು. ಯಾವ ಸ್ಕ್ರಾಂಬಲ್ ಆದರೂ ಕ್ರಾಸ್ 6 ಮೂವ್ ಒಳಗೆ ಮುಗಿಯುತ್ತೆ. 9 ಅಂದ್ರೆ ಪ್ಲಾನ್ ಇಲ್ಲದೆ ಶುರು ಮಾಡಿದ್ದೀರಿ.

---

ಹಳೇ ಕ್ಯೂಬರ್

6 ಅಲ್ಲ, 8. ಒಂದೇ ಬಣ್ಣದ ಕ್ರಾಸ್‌ಗೆ ಒಟ್ಟು 1,90,080 ಸ್ಥಿತಿಗಳಿವೆ. ಅದರಲ್ಲಿ 8 ಮೂವ್ ಬೇಕೇ ಬೇಕು ಅನ್ನೋದು ಬರೀ 102. ಸರಾಸರಿ 6ಕ್ಕೆ ಚೂರು ಕಮ್ಮಿ. 7 ಮೂವ್ ಬೇಕಾಗೋವು ಸುಮಾರು 35,000 ಇವೆ, ಅಂದ್ರೆ ಹೆಚ್ಚುಕಮ್ಮಿ ಐದರಲ್ಲಿ ಒಂದು. ಅದೇನು ಅಪರೂಪ ಅಲ್ಲ. ಉಳಿದಿದ್ದು ಒಪ್ಪುತ್ತೇನೆ. 9 ಜಾಸ್ತಿಯೇ.

ಆದರೆ ಇವರಿಗೆ ನಷ್ಟ ಆಗ್ತಿರೋದು ಆ ಎರಡು ಮೂರು ಮೂವ್‌ನಿಂದ ಅಲ್ಲ. ಕ್ರಾಸ್ ಮಾಡುವಾಗ ಕಣ್ಣು ಕ್ರಾಸ್ ಮೇಲೇ ಇರುತ್ತಲ್ಲ, ನಷ್ಟ ಅಲ್ಲಿ. ಪೂರ್ತಿ ಕ್ರಾಸ್ ಮೊದಲೇ ತಲೆಯಲ್ಲಿ ಇದ್ದರೆ ಆ 3 ಸೆಕೆಂಡ್ ಕಣ್ಣಿಗೆ ಬಿಡುವು. ಮೊದಲ ಪೇರ್ ನೋಡಿಕೊಳ್ಳಬಹುದು. ಗೋಡೆಯವರೇ, ಸಾಲ್ವ್ ಶುರುವಿಗೆ ಮುಂಚೆ ಕ್ಯೂಬ್ ನೋಡೋಕೆ ಸಿಗೋ 15 ಸೆಕೆಂಡ್ ಇನ್‌ಸ್ಪೆಕ್ಷನ್‌ನಲ್ಲಿ ಎಷ್ಟು ಎಡ್ಜ್ ಪ್ಲಾನ್ ಮಾಡ್ತೀರಿ?

---

ಇಪ್ಪತ್ತೈದರ ಗೋಡೆ

ಎರಡು. ಕೆಲವೊಮ್ಮೆ ಮೂರು. ಉಳಿದಿದ್ದನ್ನ ಹೋಗ್ತಾ ಹೋಗ್ತಾ ನೋಡ್ಕೊಳ್ತೀನಿ.

---

ಬಿಳಿ ಕೆಳಗೆ

ಅದೇ ನೋಡಿ. ಉತ್ತರ ನೀವೇ ಕೊಟ್ಟಿರಿ.

---

ಹಳೇ ಕ್ಯೂಬರ್

ಒಂದು ಉದಾಹರಣೆ ಕೊಡುತ್ತೇನೆ, ಕ್ಯೂಬ್ ಕೈಯಲ್ಲಿ ಹಿಡಿದು ಮಾಡಿ. ಸಾಲ್ವ್ ಆಗಿರೋ ಕ್ಯೂಬ್ ತಗೊಳ್ಳಿ. ಬಿಳಿ ಕೆಳಗೆ, ಹಸಿರು ನಿಮ್ಮ ಎದುರು. ಬಲಕ್ಕೆ ಕಿತ್ತಳೆ ಬರುತ್ತೆ. ಈಗ ಇಷ್ಟು ಮಾಡಿ:

```
R F' R U
```

ಕೆಳಗೆ ನೋಡಿ. ಕೆಂಪು-ಬಿಳಿ ಮತ್ತು ನೀಲಿ-ಬಿಳಿ ಎಡ್ಜ್ ಜಾಗದಲ್ಲೇ ಇವೆ. ಹಸಿರು-ಬಿಳಿ ಮೇಲಿನ ಪದರದಲ್ಲಿ ಎದುರಿಗಿದೆ, ಕಿತ್ತಳೆ-ಬಿಳಿ ಮೇಲಿನ ಪದರದಲ್ಲಿ ಎಡಕ್ಕಿದೆ. ಎರಡರಲ್ಲೂ ಬಿಳಿ ಮೇಲಕ್ಕೆ ಮುಖ ಮಾಡಿಲ್ಲ, ಪಕ್ಕಕ್ಕೆ ಮಾಡಿದೆ. ಎರಡೂ ಕೆಟ್ಟ ಎಡ್ಜ್.

ಒಂದೊಂದಾಗಿ ಮಾಡೋರು ಮೊದಲು ಹಸಿರು ಹಾಕ್ತಾರೆ. ಅದಕ್ಕೆ ಎಲ್ಲರಿಗೂ ಬರೋದು `U' R' F R`. ಆ ಕೊನೇ `R` ಯಾಕೆ? ಬಲಗಡೆ ಎಡ್ಜ್ ಮೊದಲೇ ಕೂತಿದ್ದರೆ ಅದನ್ನ ವಾಪಸ್ ಜಾಗಕ್ಕೆ ತರೋಕೆ. ಇಲ್ಲಿ ಬಲಗಡೆ ಇನ್ನೂ ಯಾರೂ ಕೂತಿಲ್ಲ. ಆದರೂ ಕೈ ಅಭ್ಯಾಸ ಬಲದಿಂದ ಮಾಡಿಬಿಡುತ್ತೆ. ಆಗ ಕಿತ್ತಳೆ ಎಡ್ಜ್ ಬಲಗಡೆ ಮೇಲೆ ಬಂದು, ಬಿಳಿ ಮೇಲಕ್ಕೆ ಮುಖ ಮಾಡಿರುತ್ತೆ. "ಆಹಾ, ಸುಲಭ" ಅಂತ `R2` ಹೊಡೀತಾರೆ. ಒಟ್ಟು 5 ಮೂವ್, ಮಧ್ಯದಲ್ಲಿ ಒಂದು ನಿಲುಗಡೆ. ಮೊದಲೇ ಎರಡನ್ನೂ ಸೇರಿಸಿ ನೋಡಿದ್ದರೆ:

```
U' R' F R'
```

ನಾಲ್ಕೇ ಮೂವ್, ಎರಡೂ ಕೂತವು. ಹಸಿರು ಒಳಗೆ ಹೋಗೋ `F` ತಿರುವೇ ಕಿತ್ತಳೆಯನ್ನ ಬಲಗಡೆಗೆ ತಂದು ನಿಲ್ಲಿಸುತ್ತೆ. ಉಳಿತಾಯ ಒಂದೇ ಮೂವ್ ಅನ್ನಿಸಬಹುದು. ನಿಜವಾದ ಉಳಿತಾಯ ಆ ನಿಲುಗಡೆ ಇಲ್ಲದೇ ಇರೋದು.

ಇದರಿಂದ ನಾನು ಪಾಲಿಸೋದು ಇಷ್ಟು. ಪಕ್ಕಕ್ಕೆ ಮುಖ ಮಾಡಿರೋ ಎಡ್ಜ್‌ಗಳನ್ನ ಮೊದಲು ಮುಗಿಸಿ, ಪಕ್ಕದ ಜಾಗಗಳು ಖಾಲಿ ಇರುವಾಗಲೇ. ಸುಲಭದ್ದು ಮೊದಲು ಹಾಕಿಬಿಟ್ಟರೆ ಆಮೇಲೆ ಅದನ್ನ ಕಾಪಾಡೋಕೇ ಒಂದೆರಡು ಮೂವ್ ಕೊಡಬೇಕಾಗುತ್ತೆ.

---

ತಿರುಗುಮುರುಗು

ಸಾಲ್ವ್ ಆಗಿರೋ ಕ್ಯೂಬನ್ನ ನಾಲ್ಕು ಮೂವ್ ಕೆಡಿಸಿ ಅದನ್ನೇ ಉಲ್ಟಾ ಮಾಡಿದ್ರೆ 4 ಮೂವ್‌ನಲ್ಲಿ ಆಗದೆ ಇನ್ನೇನಾಗುತ್ತೆ ಸಾರ್ 😄 ನಿಜವಾದ ಸ್ಕ್ರಾಂಬಲ್‌ನಲ್ಲಿ ಇಷ್ಟು ಚೆಂದಾಗಿ ಬರಲ್ಲ.

---

ಹಳೇ ಕ್ಯೂಬರ್

ಚೆಂದಾಗಿ ಬರಲ್ಲ, ನಿಜ. ಆದರೆ ಪಕ್ಕಕ್ಕೆ ಮುಖ ಮಾಡಿರೋ ಎರಡು ಎಡ್ಜ್ ಮೇಲಿನ ಪದರದಲ್ಲಿ ಅಕ್ಕಪಕ್ಕ ಸಿಗೋದು ದಿನಾ ನೋಡೋ ವಿಷಯ. ಎದುರಿನದ್ದು ಒಳಗೆ ಹೋಗುವಾಗ ಪಕ್ಕದ್ದು ಎಲ್ಲಿಗೆ ಬರುತ್ತೆ ಅಂತ ಒಮ್ಮೆ ಕಣ್ಣಿಗೆ ಕೂತರೆ ಯಾವ ಸ್ಕ್ರಾಂಬಲ್‌ನಲ್ಲೂ ಕಾಣುತ್ತೆ.

---

ನಿಧಾನ ನರಸಿಂಹ

ಅಭ್ಯಾಸ ಮಾಡೋ ರೀತಿ ಒಂದು ಹೇಳುತ್ತೇನೆ. ಸ್ಕ್ರಾಂಬಲ್ ಮಾಡಿ, ಟೈಮರ್ ಬಿಡಿ. ಬೇಕಾದಷ್ಟು ಹೊತ್ತು ನೋಡಿ, ನಾಲ್ಕೂ ಎಡ್ಜ್ ಪ್ಲಾನ್ ಮಾಡಿ. ಆಮೇಲೆ ಕಣ್ಣು ಮುಚ್ಚಿ ಕ್ರಾಸ್ ಮಾಡಿ. ಕಣ್ಣು ಬಿಟ್ಟು ನೋಡಿ. ಸರಿ ಬಂದಿಲ್ಲ ಅಂದ್ರೆ ಎಲ್ಲಿ ತಪ್ಪಿತು ಅಂತ ಅದೇ ಸ್ಕ್ರಾಂಬಲ್ ಮತ್ತೆ ಹಾಕಿ ನೋಡಿ. ಮೊದಲು ಒಂದು ನಿಮಿಷ ಬೇಕಾಗುತ್ತೆ, ಬೇಜಾರು ಮಾಡ್ಕೋಬೇಡಿ. ತಪ್ಪಿಲ್ಲದೆ ಬರೋಕೆ ಶುರುವಾದ ಮೇಲೆ 15 ಸೆಕೆಂಡ್ ಕಡೆಗೆ ಇಳಿಸ್ಕೊಂಡು ಬನ್ನಿ.

ಬಿಳಿ ಕೆಳಗೇ ಇಟ್ಟು ಮಾಡಿ. ಮೇಲಿಟ್ಟು ಮಾಡಿ ಆಮೇಲೆ ಕ್ಯೂಬ್ ಮಗುಚಿದರೆ ಪ್ಲಾನ್ ಮಾಡಿದ ಪೇರ್ ಎಲ್ಲಿ ಹೋಯ್ತೋ ದೇವರಿಗೇ ಗೊತ್ತು.

---

ಪ್ಲಸ್ ಟೂ ಅಮ್ಮ

ನಾನು ಕ್ಯೂಬ್ ಮಾಡಲ್ಲ, ನನ್ನ ಮಗಳು ಮಾಡ್ತಾಳೆ. ಇನ್‌ಸ್ಪೆಕ್ಷನ್ ಮಾತು ಬಂತಲ್ಲ ಅದಕ್ಕೆ ಕೇಳ್ತಿದೀನಿ. ಸ್ಪರ್ಧೆಯಲ್ಲಿ ಪೂರ್ತಿ ಪ್ಲಾನ್ ಮಾಡೋಕೆ ಹೋಗಿ ಹೊತ್ತು ಮೀರಿ ಅವಳಿಗೆ ಎರಡು ಸೆಕೆಂಡ್ ದಂಡ ಬಿತ್ತು. ತುಂಬ ಅತ್ತಳು. ಕಮ್ಮಿ ಪ್ಲಾನ್ ಮಾಡು ಅಂತ ಹೇಳೋದು ಒಳ್ಳೇದಾ?

---

ಬಿಳಿ ಕೆಳಗೆ

ಅಮ್ಮ, ಕಮ್ಮಿ ಮಾಡು ಅನ್ನಬೇಡಿ. ಜಡ್ಜ್ 8 ಸೆಕೆಂಡ್ ಆದಾಗ ಒಮ್ಮೆ ಕೂಗ್ತಾರೆ, 12 ಆದಾಗ ಇನ್ನೊಮ್ಮೆ. 12 ಕೇಳಿಸಿದ ತಕ್ಷಣ ಏನೇ ಇದ್ದರೂ ಕ್ಯೂಬ್ ಕೆಳಗಿಟ್ಟು ಕೈ ಟೈಮರ್ ಮೇಲೆ ಹೋಗಬೇಕು, ಅದನ್ನೇ ಅಭ್ಯಾಸ ಮಾಡಿಸಿ. 15 ದಾಟಿ 17ರ ಒಳಗೆ ಶುರು ಮಾಡಿದರೆ 2 ಸೆಕೆಂಡ್ ಸೇರಿಸ್ತಾರೆ. 17 ದಾಟಿದರೆ ಡಿಎನ್‌ಎಫ್, ಆ ಸಾಲ್ವ್ ಲೆಕ್ಕಕ್ಕೇ ಇಲ್ಲ. ಮನೆಯಲ್ಲಿ ಅಭ್ಯಾಸ ಮಾಡುವಾಗ ನೀವೇ ಪಕ್ಕ ಕೂತು 8, 12 ಅಂತ ಕೂಗಿ. ಆ ಕೂಗಿಗೆ ಬೆಚ್ಚೋದು ಹೋಗುತ್ತೆ.

---

ಪ್ಲಸ್ ಟೂ ಅಮ್ಮ

ಕೂಗೋದು ನನಗೆ ಚೆನ್ನಾಗಿ ಬರುತ್ತೆ, ತೊಂದರೆ ಇಲ್ಲ.

---

ಡಿಎನ್‌ಎಫ್ ದೊರೆ

😂😂

ನನ್ನ ಹೆಸರು ಎಲ್ಲಿಂದ ಬಂತು ಅಂತ ಈಗ ಎಲ್ಲರಿಗೂ ಗೊತ್ತಾಗಿರಬೇಕು.

---

ಇಪ್ಪತ್ತೈದರ ಗೋಡೆ

ಕ್ರಾಸ್ ವಿಷಯ ಅರ್ಥ ಆಯ್ತು, ಕಣ್ಣು ಮುಚ್ಚಿ ಮಾಡ್ತಾ ಇದೀನಿ. ಕೊನೇ ಎಡ್ಜ್ ಎಲ್ಲಿಗೆ ಹೋಗುತ್ತೆ ಅನ್ನೋದು ಇನ್ನೂ ಕೈ ಕೊಡುತ್ತೆ. ಆದರೆ ಎಫ್‌ಟುಎಲ್ ಒಳಗಿನ 5 ಸೆಕೆಂಡ್? ಅಲ್ಲಿ ಮೊದಲೇ ಪ್ಲಾನ್ ಮಾಡೋಕೆ ಆಗಲ್ವಲ್ಲ.

---

ಹಳೇ ಕ್ಯೂಬರ್

ಪ್ಲಾನ್ ಆಗಲ್ಲ, ಆದರೆ ಯಾವುದು ಕದಲುತ್ತೆ ಯಾವುದು ಕದಲಲ್ಲ ಅಂತ ಗೊತ್ತಿದ್ದರೆ ಅರ್ಧ ಕೆಲಸ ಆಯ್ತು. ಬಲಗಡೆ ಎದುರಿನ ಸ್ಲಾಟ್‌ಗೆ ಕೂಡಿದ ಪೇರ್ ಹಾಕೋ `R U' R'` ತಗೊಳ್ಳಿ. ಪೇರ್ ಆಗಲೇ ಕೂಡಿದೆ, ಮೂರು ಮೂವ್ ಬಾಕಿ. ಆ ಮೂರನ್ನ ನೋಡೋ ಅಗತ್ಯವೇ ಇಲ್ಲ, ಕೈಗೆ ಗೊತ್ತಿದೆ. ಆದರೂ ಹೆಚ್ಚಿನವರು ಪೇರ್ ಒಳಗೆ ಹೋಗೋವರೆಗೂ ಅದನ್ನೇ ನೋಡ್ತಾ ಇರ್ತಾರೆ, ಬಾಗಿಲ ತನಕ ಬೀಳ್ಕೊಟ್ಟ ಹಾಗೆ. ಅಲ್ಲೇ ಅರ್ಧ ಸೆಕೆಂಡ್ ಹೋಯ್ತು.

ಈ ಮೂರು ಮೂವ್ ನಡೆಯುವಾಗ ಎಡಗಡೆಯ ಎರಡೂ ಸ್ಲಾಟ್ ಕದಲೋದೇ ಇಲ್ಲ. ಅಲ್ಲಿ ಕೂತಿರೋ ಎಡ್ಜ್, ಕಾರ್ನರ್ ಕೊನೆಗೂ ಅಲ್ಲೇ ಇರ್ತವೆ. ಮೇಲಿನ ಪದರದಲ್ಲಿ ಎಡಗಡೆ ಇದ್ದ ಎಡ್ಜ್ ಎದುರಿಗೆ ಬರುತ್ತೆ, ಹಿಂದೆ ಇದ್ದದ್ದು ಎಡಕ್ಕೆ ಬರುತ್ತೆ. ಬಲಗಡೆ ಮೇಲಿದ್ದದ್ದು ಒಂದು ಸುತ್ತು ಹೋಗಿ ಅದೇ ಜಾಗಕ್ಕೆ ವಾಪಸ್ ಬರುತ್ತೆ. ನಿಧಾನಕ್ಕೆ ತಿರುಗಿಸಿ ನೀವೇ ನೋಡಿ.

ಹಾಗಾಗಿ ಪೇರ್ ಕೂಡಿದ ಕ್ಷಣ ಕಣ್ಣು ಎಡಗಡೆಗೆ ಹೋಗಬೇಕು. ಹಳದಿ ಇಲ್ಲದ ಎಡ್ಜ್ ಒಂದನ್ನ ಹಿಡೀರಿ. ಒಂದೇ ಸಾಕು. ಅದರ ಎರಡು ಬಣ್ಣ ನೋಡಿದರೆ ಯಾವ ಕಾರ್ನರ್ ಬೇಕು ಅಂತ ಗೊತ್ತಾಯ್ತು. ಇನ್ಸರ್ಟ್ ಮುಗಿಯೋ ಹೊತ್ತಿಗೆ ಹುಡುಕಬೇಕಾದ್ದು ಒಂದು ಕಾರ್ನರ್ ಮಾತ್ರ. ಎರಡು ಪೀಸ್ ಹುಡುಕೋದಕ್ಕೂ ಒಂದು ಹುಡುಕೋದಕ್ಕೂ ಎಷ್ಟು ವ್ಯತ್ಯಾಸ ಅಂತ ನೀವೇ ಮಾಡಿ ನೋಡಿ.

---

ತಿರುಗುಮುರುಗು

ನಾನು ಕಾರ್ನರ್ ಮೊದಲು ಹುಡುಕ್ತೀನಿ. ಬಿಳಿ ಇರೋ ಕಾರ್ನರ್ ಕಣ್ಣಿಗೆ ಬೇಗ ಹೊಡೆಯುತ್ತೆ. ಎಡ್ಜ್‌ನಲ್ಲಿ "ಹಳದಿ ಇಲ್ಲ" ಅಂತ ಗುರುತಿಸೋದು ಇರೋದನ್ನ ಬಿಟ್ಟು ಇಲ್ಲದ್ದನ್ನ ನೋಡಿದ ಹಾಗೆ.

---

ಹಳೇ ಕ್ಯೂಬರ್

ಅದೂ ನಡೆಯುತ್ತೆ. ಜಗಳ ಇಲ್ಲ. ಯಾವುದೋ ಒಂದು ಮೊದಲೇ ಕೈಯಲ್ಲಿ ಇರಬೇಕು ಅಷ್ಟೇ.

---

ನಿಧಾನ ನರಸಿಂಹ

ಇದಕ್ಕೆ ಮೆಟ್ರೊನೋಮ್ ಬಳಸಿ. ನಿಮಿಷಕ್ಕೆ 60 ಬಡಿತ ಇಡಿ, ಬಡಿತಕ್ಕೊಂದು ಮೂವ್. ಎಫ್‌ಟುಎಲ್ ಪೂರ್ತಿ ಒಂದು ಬಡಿತವೂ ತಪ್ಪದೆ ಮಾಡಿ. ಕೈ ನಿಧಾನ ಇರೋದ್ರಿಂದ ಕಣ್ಣಿಗೆ ಬಿಡುವು ಸಿಗುತ್ತೆ. ತಪ್ಪದೆ ಬಂದರೆ ಬಡಿತ ಏರಿಸಿ. ತಪ್ಪೋಕೆ ಶುರುವಾದ ವೇಗವೇ ಸದ್ಯಕ್ಕೆ ನಿಮ್ಮ ಮಿತಿ, ಅದಕ್ಕಿಂತ ಚೂರು ಕೆಳಗೆ ಅಭ್ಯಾಸ ಮಾಡಿ.

---

ಡಿಎನ್‌ಎಫ್ ದೊರೆ

ಇದನ್ನ ಮಾತ್ರ ನಾನು ಒಪ್ಪಲ್ಲ. ಸೆಕೆಂಡಿಗೊಂದು ಮೂವ್ ಅಂದ್ರೆ ಎಫ್‌ಟುಎಲ್‌ಗೇ ಅರ್ಧ ನಿಮಿಷ. ಆ ನಿಧಾನದಲ್ಲಿ ನನ್ನ ಅಜ್ಜನಿಗೂ ಲುಕ್‌ಅಹೆಡ್ ಬರುತ್ತೆ. ವೇಗ ಹೆಚ್ಚಿದ ಕೂಡಲೇ ಮಾಯ. ನಾನು ಎಷ್ಟೋ ಸಲ ಪ್ರಯತ್ನ ಮಾಡಿ ಬಿಟ್ಟೆ. ನಿಧಾನಕ್ಕೆ ಮಾಡೋದರಲ್ಲಿ ಪರಿಣತ ಆದೆ, ಅಷ್ಟೇ.

---

ನಿಧಾನ ನರಸಿಂಹ

60ರಲ್ಲೇ ಕೂತಿದ್ದಿರಿ ಅನ್ಸುತ್ತೆ. ಏರಿಸಬೇಕು.

---

ಡಿಎನ್‌ಎಫ್ ದೊರೆ

ಏರಿಸಿದ್ದೆ. ಟಕ್ ಟಕ್ ಶಬ್ದಕ್ಕೇ ತಲೆ ಹೋಗ್ತಿತ್ತು, ಕ್ಯೂಬ್ ಕಡೆ ಅಲ್ಲ.

---

ಬಿಳಿ ಕೆಳಗೆ

ನನ್ನದು ನಡುವಿನ ದಾರಿ. ಮೆಟ್ರೊನೋಮ್ ಇಲ್ಲ. ಪೇರ್ ಕೂಡಿಸೋವರೆಗೆ ಮಾಮೂಲಿ ವೇಗ. ಕೊನೇ ಮೂರು ಮೂವ್ ಮಾತ್ರ ಬೇಕಂತಲೇ ನಿಧಾನ. ನೋಡಬೇಕಾದ ಹೊತ್ತು ಅದೇ ತಾನೇ. ಎಲ್ಲ ಕಡೆ ನಿಧಾನ ಮಾಡಿದರೆ ಕೈ ಮರೆತುಹೋಗುತ್ತೆ ಅನ್ನೋ ದೊರೆ ಭಯವೂ ಇರಲ್ಲ.

---

ಹಳೇ ಕ್ಯೂಬರ್

ಇದು ನನಗೆ ಹಿಡಿಸಿತು. ನಾನೂ ಹೀಗೆ ಮಾಡಿ ನೋಡ್ತೀನಿ.

---

ತಿರುಗುಮುರುಗು

ಮ್ಯಾಕ್ಸ್ ಪಾರ್ಕ್ 2023ರಲ್ಲಿ 3.13 ಸೆಕೆಂಡ್‌ಗೆ ಮುಗಿಸಿದ್ದು ನೋಡಿದೀರಲ್ಲ? ಅಲ್ಲಿ ಲುಕ್‌ಅಹೆಡ್ ಮಾಡೋಕೆ ಹೊತ್ತಾದರೂ ಎಲ್ಲಿದೆ? ಕೈ ವೇಗವೇ ಮುಖ್ಯ ಅಂತ ನನಗೆ ಇನ್ನೂ ಅನ್ಸುತ್ತೆ.

---

ಬಿಳಿ ಕೆಳಗೆ

ಆ ವೇಗದಲ್ಲಿ ನಿಲ್ಲದೆ ಹೋಗಿದ್ದಾರೆ ಅಂದ್ರೆ ಮುಂದಿನದ್ದು ಕಂಡಿತ್ತು ಅಂತಲೇ ಅರ್ಥ. ಅದು ಬಿಡಿ, ಒಂದು ಸಿಂಗಲ್‌ನಲ್ಲಿ ಸ್ಕ್ರಾಂಬಲ್ ಒಲಿದು ಬರಬಹುದು. ಸ್ಪರ್ಧೆಯ ಆವರೇಜ್‌ನಲ್ಲಿ ಐದು ಸಾಲ್ವ್ ಮಾಡಿ ಅತಿ ಬೇಗದ್ದು, ಅತಿ ತಡದ್ದು ಎರಡನ್ನೂ ಬಿಟ್ಟು ಉಳಿದ ಮೂರನ್ನ ಲೆಕ್ಕ ಹಾಕ್ತಾರೆ. ಅಲ್ಲಿ ಅದೃಷ್ಟ ಅಷ್ಟು ನಡೆಯಲ್ಲ.

---

ಮ್ಯಾಗ್ನೆಟ್ ಮಂಜ

ಫಿಂಗರ್ ಟ್ರಿಕ್ ಬಗ್ಗೆ ಯಾರೂ ಮಾತೇ ಆಡಲಿಲ್ಲ. ನಿಲ್ಲೋದಕ್ಕೆ ಅದೂ ಒಂದು ಕಾರಣ. ಹಿಡಿತ ಬದಲಾಯಿಸುವಾಗ ಕಣ್ಣು ತಾನಾಗೇ ಕೈ ಕಡೆ ಬರುತ್ತೆ. ಹುಡುಕ್ತಾ ಇದ್ದ ಪೀಸ್ ತಪ್ಪಿಹೋಗುತ್ತೆ.

ಕ್ರಾಸ್‌ನಲ್ಲಿ ಇದು ಜಾಸ್ತಿ. ಕೆಳಗಿನ ಪದರ ತಿರುಗಿಸೋಕೆ ತುಂಬ ಜನ ಇಡೀ ಕೈ ಕೆಳಗೆ ತರ್ತಾರೆ. ಉಂಗುರ ಬೆರಳಿನಿಂದ ತಳ್ಳಿ. ಒಂದು ಕಡೆಗೆ ಎಡಗೈ ಉಂಗುರ ಬೆರಳು, ಇನ್ನೊಂದು ಕಡೆಗೆ ಬಲಗೈದು. ಶುರುವಿಗೆ ಬೆರಳು ಸೋಲುತ್ತೆ, ಕ್ಯೂಬ್ ಬಿಗಿ ಇದ್ದರಂತೂ ಇನ್ನೂ ಕಷ್ಟ. ಅದಕ್ಕೇ ನಾನು ಟೆನ್ಷನ್ ಕೇಳಿದ್ದು, ಸುಮ್ನೆ ಅಲ್ಲ.

ಹಳೇ ಕ್ಯೂಬರ್ ಕೊಟ್ಟ `U' R' F R'` ನೋಡಿ. ಅದರಲ್ಲಿ ಬಲಗೈ ಮಣಿಕಟ್ಟು ಎರಡು ಸಲ ಒಂದೇ ದಿಕ್ಕಿಗೆ ಹೋಗುತ್ತೆ. ಹೆಬ್ಬೆರಳು ಎದುರಿಗೆ ಇಟ್ಟು ಶುರು ಮಾಡಿದರೆ ಎರಡನೇ `R'` ಹೊತ್ತಿಗೆ ಕೈ ತಿರುಚಿಕೊಂಡು ನಿಲ್ಲುತ್ತೆ. ಹೆಬ್ಬೆರಳು ಮೇಲಿಟ್ಟು ಶುರು ಮಾಡಿ. ಮೊದಲ `R'`ಗೆ ಎದುರಿಗೆ ಬರುತ್ತೆ, ಎರಡನೇದಕ್ಕೆ ಕೆಳಗೆ ಹೋಗುತ್ತೆ. ಹಿಡಿತ ಬಿಡೋದೇ ಬೇಡ. `U'` ಎಡಗೈ ತೋರುಬೆರಳಿಂದ, `F` ಬಲಗೈ ತೋರುಬೆರಳಿಂದ. ಕ್ರಾಸ್ ಪ್ಲಾನ್ ಮಾಡುವಾಗಲೇ ಹೆಬ್ಬೆರಳು ಎಲ್ಲಿ ಇಡಬೇಕು ಅನ್ನೋದನ್ನೂ ಪ್ಲಾನ್ ಮಾಡಿ.

---

ಹಳೇ ಕ್ಯೂಬರ್

ಮಂಜ, ಇದನ್ನ ಮೊದಲೇ ಹೇಳೋದಲ್ವಾ. ಚೆನ್ನಾಗಿದೆ.

---

ಮ್ಯಾಗ್ನೆಟ್ ಮಂಜ

ಕ್ಯೂಬ್ ಯಾವುದು ಅಂತ ಕೇಳಿದ್ದಕ್ಕೇ ಎಲ್ಲರೂ ಮುಖ ತಿರುಗಿಸಿದಿರಿ.

---

ಇಪ್ಪತ್ತೈದರ ಗೋಡೆ

ಒಂದು ಅನುಮಾನ. ಎಡಗಡೆ ಹಿಂದಿನ ಸ್ಲಾಟ್ ನನಗೆ ಕಾಣೋದೇ ಇಲ್ಲ. ಅಲ್ಲಿರೋ ಎಡ್ಜ್ ನೋಡೋಕೇ ಕ್ಯೂಬ್ ಓರೆ ಮಾಡ್ತೀನಿ. ವಿಡಿಯೋದಲ್ಲಿ ಹೆಚ್ಚು ಹೊತ್ತು ಹೋಗಿರೋದು ಅಲ್ಲೇ.

---

ಬಿಳಿ ಕೆಳಗೆ

ಹಿಂದಿನ ಎರಡು ಸ್ಲಾಟ್ ಮೊದಲು ತುಂಬಿಸಿ. ಆಮೇಲೆ ಖಾಲಿ ಉಳಿಯೋದು ಎದುರಿನ ಎರಡು. ಬೇಕಾದ ಪೀಸ್ ಎಲ್ಲಾ ಅಲ್ಲಿ ಇಲ್ಲವೇ ಮೇಲಿನ ಪದರದಲ್ಲಿ ಇರಲೇಬೇಕು. ಹಿಂದೆ ನೋಡೋ ಪ್ರಶ್ನೆಯೇ ಬರಲ್ಲ.

---

ನಿಧಾನ ನರಸಿಂಹ

ಅದಕ್ಕೋಸ್ಕರ ಕಣ್ಣೆದುರೇ ಕೂಡಿ ಕೂತಿರೋ ಪೇರ್ ಬಿಟ್ಟು ಹಿಂದಿನದ್ದಕ್ಕೆ ಹೋಗಬೇಕಾ? ಸುಲಭದ್ದು ಮೊದಲು ಹಾಕಿ. ಅದನ್ನ ಹಾಗೇ ಬಿಟ್ಟರೆ ಮುಂದಿನ ಪೇರ್ ಮಾಡುವಾಗ ಒಡೆದುಹೋಗುತ್ತೆ.

---

ಬಿಳಿ ಕೆಳಗೆ

ಕೂಡಿರೋ ಪೇರ್ ಇದ್ದರೆ ಹಾಕಿ, ಅದನ್ನ ಯಾರು ಬೇಡ ಅಂದ್ರು. ಎರಡೂ ಸುಮಾರಾಗಿದ್ದಾಗ ಹಿಂದಿನದ್ದು ಆರಿಸಿ ಅಂತ ನಾನು ಹೇಳ್ತಿರೋದು.

---

ಹಳೇ ಕ್ಯೂಬರ್

ಇದರ ಬಗ್ಗೆ ಒಳ್ಳೊಳ್ಳೆ ಕ್ಯೂಬರ್‌ಗಳಲ್ಲೇ ಒಮ್ಮತ ಇಲ್ಲ. ನಾನು ಮೊದಲ ಪೇರ್ ಹಿಂದಿನದ್ದೇ ಹುಡುಕ್ತೀನಿ, ಅದನ್ನ ಇನ್‌ಸ್ಪೆಕ್ಷನ್‌ನಲ್ಲೇ ಆರಿಸಬಹುದು ಅನ್ನೋ ಕಾರಣಕ್ಕೆ. ಆಮೇಲೆ ಸಿಕ್ಕಿದ್ದು.

ಗೋಡೆಯವರೇ, ಕ್ರಾಸ್ ಜೊತೆ ಒಂದು ಪೇರ್ ಹಿಂಬಾಲಿಸೋದು ಹೇಗೆ ಅಂತ ಅದೇ ನಾಲ್ಕು ಮೂವ್‌ನಲ್ಲಿ ತೋರಿಸ್ತೀನಿ. ಬೇರೆ ಸ್ಕ್ರಾಂಬಲ್‌ನಲ್ಲಿ ಇದೇ ಕ್ರಾಸ್ ಬಂತು ಅಂತಿಟ್ಕೊಳ್ಳಿ. ಮೇಲಿನ ಪದರದಲ್ಲಿ ಹಿಂದಿನ ಎಡ್ಜ್, ಅದರ ಬಲಕ್ಕಿರೋ ಹಿಂದಿನ ಮೂಲೆಯ ಕಾರ್ನರ್, ಎರಡೂ ಒಂದೇ ಪೇರ್‌ನವು ಅಂತ ಇನ್‌ಸ್ಪೆಕ್ಷನ್‌ನಲ್ಲಿ ಕಂಡಿತು. `U'` ಅವೆರಡನ್ನೂ ಒಟ್ಟಿಗೆ ತಿರುಗಿಸುತ್ತೆ. ಎಡ್ಜ್ ಎಡಕ್ಕೆ, ಕಾರ್ನರ್ ಹಿಂದಿನ ಎಡ ಮೂಲೆಗೆ. ಉಳಿದ `R' F R'` ಮೂರೂ ಅವನ್ನ ಮುಟ್ಟೋದೇ ಇಲ್ಲ. ಅಂದ್ರೆ ನಾಲ್ಕು ಮೂವ್‌ನಲ್ಲಿ ಒಂದೇ ಒಂದನ್ನ ನೆನಪಿಟ್ಟರೆ ಸಾಕು. ಕ್ರಾಸ್ ಮುಗಿದಾಗ ಕಣ್ಣು ನೇರ ಅಲ್ಲಿಗೆ ಹೋಗುತ್ತೆ.

ಎಲ್ಲ ಪೀಸ್‌ನೂ ಹಿಂಬಾಲಿಸೋಕೆ ಹೋಗಬೇಡಿ. ನಿಮ್ಮ ಕ್ರಾಸ್ ಮೂವ್‌ಗಳು ಮುಟ್ಟದ ಅಥವಾ ಒಮ್ಮೆ ಮಾತ್ರ ಮುಟ್ಟೋ ಪೀಸ್ ಯಾವುದು ಅಂತ ನೋಡಿ, ಅದನ್ನೇ ಆರಿಸಿ. ಮುಂದೆ ಎರಡು ಮೂರು ಸಲ ಸುತ್ತೋ ಕಾರ್ನರ್ ಆರಿಸಿದರೆ 15 ಸೆಕೆಂಡ್ ಸಾಲಲ್ಲ, ಪ್ಲಸ್ ಟೂ ಅಮ್ಮನ ಮಗಳ ಹಾಗೆ ಆಗುತ್ತೆ.

---

ಪ್ಲಸ್ ಟೂ ಅಮ್ಮ

ಮಗಳಿಗೆ ಓದಿ ಹೇಳಿದೆ. "ಅವರಿಗೆ ಯಾಕಮ್ಮ ಅದನ್ನೆಲ್ಲ ಹೇಳಿದೆ" ಅಂತ ನನ್ನ ಮೇಲೆ ಸಿಟ್ಟು. ಆದರೆ ಆ ನಾಲ್ಕು ಮೂವ್ ಈಗ ಮಾಡ್ತಾ ಕೂತಿದಾಳೆ.

---

ಇಪ್ಪತ್ತೈದರ ಗೋಡೆ

ಇವತ್ತು ಇನ್ನೊಂದು ರೆಕಾರ್ಡ್ ಮಾಡಿದೆ. ಒಟ್ಟು ಟೈಮ್ 25.9. ಜಾಸ್ತಿಯೇ ಆಗಿದೆ. ಆದರೆ ಕ್ರಾಸ್ ಆದ ಮೇಲಿನ ನಿಲುಗಡೆ 0.8ಕ್ಕೆ ಇಳಿದಿದೆ. ಮೂರನೇ ಪೇರ್ ಹತ್ತಿರ ಎಲ್ಲ ಕಲಸಿ ಹೋಗ್ತಿದೆ. ಎಡಗಡೆ ನೋಡು ಅಂದಿದ್ದಕ್ಕೆ ಎಡಗಡೆ ನೋಡ್ತಾ ಬಲಗಡೆ ತಪ್ಪು ಸ್ಲಾಟ್‌ಗೆ ಹಾಕಿದೆ.

---

ಹಳೇ ಕ್ಯೂಬರ್

ಕೈ ಇನ್ನೂ ಕಣ್ಣಿಗಿಂತ ಮುಂದಿದೆ. ಬಿಳಿ ಕೆಳಗೆ ಹೇಳಿದ ಹಾಗೆ ಇನ್ಸರ್ಟ್ ಮಾತ್ರ ನಿಧಾನ ಮಾಡಿ. ಮತ್ತೆ ಆ ಮೂರನೇ ಪೇರ್ ಶುರುವಾಗುವಾಗ ಕ್ಯೂಬ್ ತಿರುಗಿಸ್ತೀರಾ ಅಂತ ವಿಡಿಯೋದಲ್ಲಿ ನೋಡಿ ಹೇಳಿ.

---

ಇಪ್ಪತ್ತೈದರ ಗೋಡೆ

ಹೌದು, ತಿರುಗಿಸ್ತೀನಿ. ಪ್ರತಿ ಸಲ.

---

ತಿರುಗುಮುರುಗು

ಅಲ್ಲಿಗೆ ಸಿಕ್ತು. ಕ್ಯೂಬ್ ತಿರುಗಿಸಿದ ಮೇಲೆ ನೀವು ನೋಡಿಟ್ಟುಕೊಂಡಿದ್ದ ಎಡಗಡೆ, ಎಡಗಡೆ ಆಗಿಯೇ ಉಳಿಯಲ್ಲ. ಎಡಗಡೆ ಸ್ಲಾಟ್‌ಗೆ ಎಡಗೈಯಿಂದ `L' U L` ಹಾಕೋದು ರೂಢಿ ಮಾಡ್ಕೊಳ್ಳಿ. ಆಗ ತಿರುಗಿಸೋದು ತಾನಾಗೇ ಕಮ್ಮಿ ಆಗುತ್ತೆ.

---

ಡಿಎನ್‌ಎಫ್ ದೊರೆ

ಇಷ್ಟೆಲ್ಲ ಆದ ಮೇಲೂ ಹೇಳ್ತೀನಿ, ಓಎಲ್‌ಎಲ್ ಕಲಿ ಗುರು.